ಐದು ಸಲ ತುಂಬಿದ ಡ್ರಾಪರ್

"ಜಾಸ್ತಿ ಆಯ್ತೇನೋ ಅಂತ ನಂಗೂ ಅನ್ನಿಸ್ತು ಸಿಸ್ಟರ್. ಆದ್ರೆ ಚೀಟೀಲಿ ಐದು ಅಂತ ಇತ್ತಲ್ಲ."

ಮಂಗಳವಾರ ಬೆಳಿಗ್ಗೆ ನಮ್ಮ ಮಕ್ಕಳ ವಾರ್ಡಿನ ಬೆಂಚಿನ ಮೇಲೆ ಕೂತು ಒಬ್ಬ ಅಜ್ಜಿ ಹೇಳಿದ ಮಾತು ಇದು. ಹೊಸನಗರದ ಕಡೆಯವರು. ಏಳು ತಿಂಗಳ ಮೊಮ್ಮಗುವಿಗೆ ಜ್ವರ. ಹಿಂದಿನ ದಿನ ಹೊರಗೆ ಎಲ್ಲೋ ತೋರಿಸಿದ್ದರು. ಬೆಳಿಗ್ಗೆ ಮತ್ತೆ ಮೈ ಬಿಸಿ ಆಯ್ತು ಅಂತ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಬಂದಿದ್ದರು. ಏನು ಔಷಧಿ ಕೊಟ್ಟಿದ್ದೀರಿ ಅಂದೆ. ತಾಯಿ ಚೀಲದಿಂದ ತೆಗೆದದ್ದು 15 ಎಂ.ಎಲ್.ನ ಪುಟ್ಟ ಬಾಟಲಿ, ಜೊತೆಗೊಂದು ಡ್ರಾಪರ್. ಚೀಟಿಯಲ್ಲಿದ್ದದ್ದು "ಸಿರಪ್ ಪ್ಯಾರಸಿಟಮಾಲ್, 5 ಎಂ.ಎಲ್., ದಿನಕ್ಕೆ ನಾಲ್ಕು ಸಲ" ಅಷ್ಟೇ. ಎಷ್ಟು ಮಿಲಿಗ್ರಾಂ ಅಂತ ಇಲ್ಲ, ಮಗುವಿನ ತೂಕವೂ ಇಲ್ಲ. ಮೆಡಿಕಲ್ಲಿನಲ್ಲಿ ಸಿರಪ್ ಖಾಲಿ ಆಗಿತ್ತಂತೆ. "ಎರಡೂ ಒಂದೇ ಔಷಧಿ" ಅಂತ ಡ್ರಾಪ್ಸ್ ಕೊಟ್ಟು ಕಳಿಸಿದ್ದಾರೆ.

ಔಷಧಿ ಒಂದೇ, ನಿಜ. ಗಾಢತೆ ಬೇರೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗೋ ಸಿರಪ್ಪಿನಲ್ಲಿ 5 ಎಂ.ಎಲ್.ಗೆ 120 ಅಥವಾ 125 ಮಿಲಿಗ್ರಾಂ ಇರುತ್ತದೆ. 5 ಎಂ.ಎಲ್.ಗೆ 250 ಇರುವ ಸಿರಪ್ಪೂ ಉಂಟು. ಡ್ರಾಪ್ಸ್‌ನಲ್ಲಿ ಒಂದೇ ಎಂ.ಎಲ್.ಗೆ 100 ಮಿಲಿಗ್ರಾಂ. ಸಣ್ಣ ಕೂಸಿಗೆ ಸ್ವಲ್ಪದರಲ್ಲೇ ಮುಗಿಯಲಿ, ಉಗುಳದಿರಲಿ ಅಂತ ಹಾಗೆ ಮಾಡಿರೋದು. ಬಾಟಲಿ ಚಿಕ್ಕದು, ಹಾಗಾಗಿ ಔಷಧಿಯೂ ಸೌಮ್ಯ ಇರಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಇರೋದು ಪೂರ್ತಿ ಉಲ್ಟಾ.

ಮಗುವಿನ ಸ್ವೆಟರ್, ಟೋಪಿ, ಒದ್ದೆ ಬಟ್ಟೆ ಎಲ್ಲ ಬಿಚ್ಚಿಸಿ ತೂಕ ಹಾಕಿದೆ. 8 ಕಿಲೋ. ಈ ಮಳೆಯಲ್ಲಿ ಬಟ್ಟೆ ಬಿಚ್ಚಿ ಅಂದರೆ ತಾಯಂದಿರು ನನ್ನನ್ನು ರಾಕ್ಷಸಿ ಥರ ನೋಡುತ್ತಾರೆ, ಆದರೂ ನಾನು ಬಿಡೋದಿಲ್ಲ. ಜ್ವರಕ್ಕೆ ಪ್ಯಾರಸಿಟಮಾಲ್ ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ. ಎಂಟು ಹದಿನೈದಲಿ 120. ಸಿರಪ್ಪಾದರೆ 5 ಎಂ.ಎಲ್. ಚೀಟಿ ಬರೆದವರ ಲೆಕ್ಕ ಸರಿಯಾಗೇ ಇತ್ತು. ಡ್ರಾಪ್ಸ್ ಆದರೆ 1.2 ಎಂ.ಎಲ್. ಸಾಕು. ಅಜ್ಜಿ ಹಾಕಿದ್ದು 5 ಎಂ.ಎಲ್., ಅಂದರೆ 500 ಮಿಲಿಗ್ರಾಂ. ದೊಡ್ಡವರು ನುಂಗುವ ಒಂದು ಮಾತ್ರೆಯಷ್ಟು.

ಪುಣ್ಯಕ್ಕೆ ಒಂದೇ ಸಲ ಹಾಕಿದ್ದರು, ರಾತ್ರಿ ಹನ್ನೊಂದಕ್ಕೆ. ಕಿಲೋಗೆ ಸುಮಾರು 62 ಮಿಲಿಗ್ರಾಂ ಬಿತ್ತು. ಒಂದೇ ಸಲಕ್ಕೆ ಕಿಲೋಗೆ 150 ದಾಟಿದರೆ ಲಿವರ್ ಬಗ್ಗೆ ಯೋಚನೆ ಶುರುವಾಗುತ್ತದೆ. ಅದಕ್ಕಿಂತ ಕೆಳಗೇ ಇತ್ತು. ಡಾಕ್ಟರು ಸದ್ಯಕ್ಕೆ ಪ್ಯಾರಸಿಟಮಾಲ್ ಪೂರ್ತಿ ನಿಲ್ಲಿಸಿ, ಮಗುವನ್ನು ವಾರ್ಡಿನಲ್ಲೇ ಇಟ್ಟುಕೊಂಡರು. ಮಗು ಚೆನ್ನಾಗಿದೆ. ಆದರೆ ಚೀಟಿಯಲ್ಲಿದ್ದ ಹಾಗೆ ದಿನಕ್ಕೆ ನಾಲ್ಕು ಸಲ ಹಾಕಿದ್ದರೆ ಕಿಲೋಗೆ 250 ಆಗುತ್ತಿತ್ತು. ಅದರ ಮರುದಿನವೂ ಹಾಗೇ ಹಾಕಿದ್ದರೆ? ಪ್ಯಾರಸಿಟಮಾಲ್ ಜಾಸ್ತಿಯಾದ ಮಗು ಮೊದಲ ದಿನ ಆಡಿಕೊಂಡೇ ಇರಬಹುದು. ವಾಂತಿ ಆದರೂ ಜ್ವರದ್ದೇ ಅಂದುಕೊಳ್ಳುತ್ತೇವೆ. ಲಿವರ್‌ಗೆ ಏಟು ಬಿದ್ದದ್ದು ಕಾಣಿಸೋದು ಆಮೇಲೆ. ಇದಕ್ಕೆ ಮದ್ದು ಇದೆ, ಆದರೆ ನುಂಗಿದ ಎಂಟು ಗಂಟೆಯೊಳಗೆ ಶುರುಮಾಡಿದರೇ ಅದರ ಕೆಲಸ ಚೆನ್ನಾಗಿ ಆಗೋದು. "ಮಗು ಆಡ್ತಾ ಇದೆಯಲ್ಲ" ಅಂತ ಮನೆಯಲ್ಲಿ ಕಾಯುವ ವಿಷಯ ಇದಲ್ಲ.

ಅಪ್ಪನಿಗೆ ಸಿಟ್ಟು ಬಂತು. ಮೆಡಿಕಲ್ಲಿನವರ ಮೇಲಲ್ಲ, ಅಜ್ಜಿಯ ಮೇಲೆ. "ನಾನು ಸರಿಯಾಗೇ ಓದಿ ಹೇಳಿದ್ದೆ, ಇವಳೂ ನೋಡಿದ್ಲು, ಅಮ್ಮ ಏನು ಮಾಡಿದ್ರೋ" ಅಂದ. ನನಗೆ ಈ ಮನುಷ್ಯ ಇಷ್ಟವಾಗಲಿಲ್ಲ. ಅವನು ಓದಿದ್ದು ಐದು, ಹೆಂಡತಿ ನೋಡಿದ್ದೂ ಐದು, ಅಜ್ಜಿ ಹಾಕಿದ್ದೂ ಐದೇ. ಮೂವರೂ ಒಂದೇ ಚೀಟಿಯ ಒಂದೇ ಅಂಕಿ ನೋಡಿ ತಲೆಯಾಡಿಸಿದ್ದಾರೆ. ಬಾಟಲಿ ಮೇಲೆ ಏನು ಬರೆದಿದೆ ಅಂತ ಯಾರೂ ನೋಡಿಲ್ಲ. ಮೂರು ಜನ ನೋಡಿದರೂ ಆದದ್ದು ಒಂದೇ ಪರಿಶೀಲನೆ, ಅದೂ ಅರ್ಧ.

ಆ ಡ್ರಾಪರ್ ಕೈಯಲ್ಲಿ ಹಿಡಿದು ನೋಡಿದೆ. ಗೆರೆಗಳು ಒಂದು ಎಂ.ಎಲ್.ಗೇ ಮುಗಿಯುತ್ತವೆ. ಅಜ್ಜಿ ಅದನ್ನು ಐದು ಸಲ ತುಂಬಿ, ಐದು ಸಲ ಮಗುವಿನ ಕೆನ್ನೆಯೊಳಗೆ ಬಿಟ್ಟಿದ್ದಾರೆ. ಮೂರನೇ ಸಲಕ್ಕೇ ಅವರಿಗೆ ಅನುಮಾನ ಬಂದಿದೆ. ಬಾಟಲಿಯ ಮೂರನೇ ಒಂದು ಭಾಗ ಒಂದೇ ಹೊತ್ತಿಗೆ ಖಾಲಿಯಾಗೋದನ್ನು ನೋಡಿದ್ದೂ ಅವರೊಬ್ಬರೇ. ಆ ಮನೆಯಲ್ಲಿ ತಪ್ಪು ಗೊತ್ತಾಗಿದ್ದು ಓದು ಬಾರದ ಅಜ್ಜಿಗೆ. ಹೇಳೋಕೆ ಧೈರ್ಯ ಇಲ್ಲದೇ ಇದ್ದದ್ದೂ ಅವರಿಗೇ. ಜಾಸ್ತಿ ಆಯ್ತೇನೋ ಅಂತ ನಂಗೂ ಅನ್ನಿಸ್ತು ಸಿಸ್ಟರ್.

ಈ ಮಾತು ವಾರವಿಡೀ ನನ್ನ ತಲೆಯಲ್ಲಿ ಸುತ್ತುತ್ತಿರೋದು ಯಾಕೆ ಅಂದರೆ, ವಾರ್ಡಿನಲ್ಲೂ ನಡೆಯೋದು ಇದೇ. ಗುರುವಾರ ನರ್ಸಿಂಗ್ ಕಲಿಯುವ ಹುಡುಗಿಯೊಬ್ಬಳು ಆಂಟಿಬಯೋಟಿಕ್ ಇಂಜೆಕ್ಷನ್ ತುಂಬಿದ ಸಿರಿಂಜ್ ಹಿಡಿದು ಬಂದಳು. "ಅಕ್ಕ, ಅಮಿಕಾಸಿನ್, 1.8, ಸರಿ ಅಲ್ವಾ?" ಹೀಗೆ ಕೇಳಿದರೆ ಬಾಯಿಗೆ ಬರೋದು "ಹೂಂ" ಒಂದೇ. ಉತ್ತರ ಅವಳೇ ಕೊಟ್ಟಾಯ್ತು, ನಾನು ಒಪ್ಪೋದಷ್ಟೇ ಬಾಕಿ.

"ಅಂಕಿ ಹೇಳಬೇಡ. ಕೇಸ್ ಶೀಟ್ ಕೊಡು, ವಯಲ್ ಕೊಡು, ನೀನು ಆ ಕಡೆ ನಿಲ್ಲು" ಅಂದೆ. ಅವಳ ಮುಖ ಸಣ್ಣದಾಯಿತು, ಅನುಮಾನ ಪಡ್ತಾರೆ ಅಂತ.

ಮಗು 6 ಕಿಲೋ. ದಿನಕ್ಕೆ ಕಿಲೋಗೆ 15 ಮಿಲಿಗ್ರಾಂ, ಒಂದೇ ಸಲ ಕೊಡಲು ಬರೆದಿದ್ದಾರೆ. ಒಟ್ಟು 90. ನಮಗೆ ಯಾವಾಗಲೂ ಬರೋದು 2 ಎಂ.ಎಲ್.ನಲ್ಲಿ 100 ಮಿಲಿಗ್ರಾಂ ಇರೋ ವಯಲ್. ಅದರಲ್ಲಿ 1.8 ಎಂ.ಎಲ್. ಸರಿಯಾದ ಲೆಕ್ಕ. ಆದರೆ ಅಮಿಕಾಸಿನ್ 250 ಮಿಲಿಗ್ರಾಮಿನದೂ 2 ಎಂ.ಎಲ್. ವಯಲ್, 500ರದ್ದೂ 2 ಎಂ.ಎಲ್. ವಯಲ್ಲೇ. ಸ್ಟಾಕ್ ಮುಗಿದ ದಿನ 500ರದ್ದು ಬಂದರೆ ಬೇಕಾಗೋದು 0.36 ಎಂ.ಎಲ್. ಮಾತ್ರ. ಅಭ್ಯಾಸದ ಮೇಲೆ 1.8 ಎಳೆದರೆ 450 ಮಿಲಿಗ್ರಾಂ, ಐದು ಪಟ್ಟು. ಕಿಡ್ನಿಗೂ ಕಿವಿಗೂ ಹಾನಿ ಮಾಡೋ ಔಷಧಿ ಇದು. ಅಜ್ಜಿಯ ಕೈಗೆ ಡ್ರಾಪರ್ ಆದರೂ ಹೇಳಿತ್ತು. ಇಲ್ಲಿ ಅದೂ ಇಲ್ಲ. ಒಂದೇ ವಯಲ್, ಒಂದೇ ಸಿರಿಂಜ್, ಎಂದಿನ ಗೆರೆ. ಲೇಬಲ್ ಓದದೇ ಇದ್ದರೆ ತಪ್ಪು ಗೊತ್ತಾಗೋಕೆ ಬೇರೆ ದಾರಿಯೇ ಇಲ್ಲ.

ಅವತ್ತು ವಯಲ್ 100ರದ್ದೇ ಇತ್ತು. ನನ್ನ ಲೆಕ್ಕವೂ 1.8 ಬಂತು, ಸಿರಿಂಜಿನಲ್ಲೂ ಅಷ್ಟೇ ಇತ್ತು, ಇಬ್ಬರೂ ಸಹಿ ಹಾಕಿದೆವು.

ಸಹಿ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಎರಡು ಸಹಿ ಇದ್ದ ಮಾತ್ರಕ್ಕೆ ಇಬ್ಬರು ನೋಡಿದ್ದಾರೆ ಅಂತಲ್ಲ. ಡ್ಯೂಟಿ ಮುಗಿಯುವಾಗ ಸಾಲಾಗಿ ಸಹಿ ಗೀಚೋರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ರಾತ್ರಿ ಇಬ್ಬರೇ ಇದ್ದು ವಾರ್ಡ್ ತುಂಬಿದ್ದಾಗ ಪ್ರತಿ ಸಿರಪ್ಪಿಗೂ ಹೀಗೆ ಮಾಡೋಕೆ ಆಗೋದೂ ಇಲ್ಲ, ಮಾಡಿ ಅಂತ ನಾನು ಹೇಳೋದೂ ಇಲ್ಲ. ಎಲ್ಲಕ್ಕೂ ಕಡ್ಡಾಯ ಮಾಡಿದರೆ ಎಲ್ಲವೂ ಬರೀ ಸಹಿ ಆಗುತ್ತದೆ. ಹೆಚ್ಚು ಕಡಿಮೆ ಆದರೆ ಹಾನಿಯಾಗೋ ಇಂಜೆಕ್ಷನ್‌ಗಳಿಗೆ, ತೀರಾ ಸಣ್ಣ ಕೂಸುಗಳಿಗೆ ಮಾತ್ರ ಇಟ್ಟುಕೊಂಡು, ಅಷ್ಟನ್ನು ನಿಜವಾಗಿ ಮಾಡಲಿ. ಎರಡನೆಯವಳು ತೂಕದಿಂದ ಶುರುಮಾಡಿ, ಲೇಬಲ್ ತಾನೇ ಓದಿ, ಎಂ.ಎಲ್. ತಾನೇ ಕಂಡುಹಿಡಿಯಬೇಕು. ಮೊದಲನೆಯವಳ ಅಂಕಿ ನೋಡೋದು ಅದಾದ ಮೇಲೆ.

ಆ ಹುಡುಗಿ ಶುಕ್ರವಾರ ಮತ್ತೆ ಬಂದಳು. ಈ ಸಲ ಸಿರಿಂಜನ್ನು ಟ್ರೇಯಲ್ಲಿ ಬಟ್ಟೆಯಡಿ ಮುಚ್ಚಿಟ್ಟು, ಕೇಸ್ ಶೀಟ್ ಮುಂದೆ ಹಿಡಿದು, "ನೀವು ಮಾಡಿ ಅಕ್ಕ, ನಾನು ಹೇಳಲ್ಲ" ಅಂದಳು. ಹಾಗೇ ನಿಂತುಕೊಂಡು, "ಈ ತೂಕ ಹೋದ ವಾರದ್ದು ಅಕ್ಕ, ಇವತ್ತಿನದು ಬರೆದಿಲ್ಲ" ಅಂತಲೂ ಸೇರಿಸಿದಳು. ನಾನು ಅದನ್ನು ಗಮನಿಸಿರಲೇ ಇಲ್ಲ. ಇಬ್ಬರೂ ಮಗುವನ್ನು ಎತ್ತಿಕೊಂಡು ತಕ್ಕಡಿ ಕಡೆ ಹೋದೆವು.