ರಜೆ ಮಂಜೂರು ಮಾಡುವಾಗ ಷರತ್ತು ಬರೆಯುವುದು ಹೇಗೆ?

"ಮನೀ ಮದುವಿ ಅಂತ ರಜಾ ಕೇಳ್ಯಾರ್ರಿ. ಕೊಡೂದಂತೂ ಕೊಡತೇನಿ, ಆದರ ಕೆಲಸ ನಿಲ್ಲಬಾರದು. ಪತ್ರದಾಗ ಷರತ್ತು ಹೆಂಗ ಬರೀಬೇಕ್ರಿ?"

ಮೊದಲು ಕ್ಯಾಲೆಂಡರ್ ತೆಗೆಯಿರಿ. ಆ ರಜೆಯೊಳಗೆ ಯಾವ ಗಡುವು ಬೀಳುತ್ತದೆ, ಆ ಕೆಲಸ ಅವರೊಬ್ಬರಿಂದಲೇ ಆಗುವಂಥದ್ದೇ ಎಂದು ನೋಡಿ. ಷರತ್ತು ಅಷ್ಟಕ್ಕೇ ಇರಲಿ.

ಬೆಳಗಾವಿಯ ಉದ್ಯಮಬಾಗದಲ್ಲಿರುವಂಥ ಒಂದು ಸಣ್ಣ ಮಾಲೀಕತ್ವದ ಮಷಿನಿಂಗ್ ಘಟಕ ಎಂದುಕೊಳ್ಳಿ. ಲೆಕ್ಕ ನೋಡುವವರು ಜಮಖಂಡಿಯಲ್ಲಿ ತಂಗಿಯ ಮದುವೆಗೆಂದು 2026ರ ಮೇ 8ರಿಂದ 16ರವರೆಗೆ ರಜೆ ಕೇಳಿದ್ದಾರೆ. ಏಪ್ರಿಲ್‌ನ ಟಿಡಿಎಸ್ ಕಟ್ಟಲು ಮೇ 7 ಕೊನೆ ದಿನ, ಅದು ಹೊರಡುವ ಮೊದಲೇ ಮುಗಿಯುತ್ತದೆ. ಜಿಎಸ್‌ಟಿಆರ್-3ಬಿ 20ಕ್ಕೆ, ಅಷ್ಟರಲ್ಲಿ ಬಂದಿರುತ್ತಾರೆ. ನಡುವೆ ಸಿಗುವುದು 11ರ ಜಿಎಸ್‌ಟಿಆರ್-1 ಮತ್ತು 15ರ ಪಿಎಫ್. ಇವೆರಡರಲ್ಲಿ 11ನೇ ತಾರೀಖೇ ಹೆಚ್ಚು ಕಾಡುವುದು. ಅಂದು ನಮ್ಮ ಬಿಲ್ಲುಗಳು ಏರದಿದ್ದರೆ 14ರಂದು ತಯಾರಾಗುವ ಗಿರಾಕಿಯ 2ಬಿ ಪಟ್ಟಿಯಲ್ಲಿ ಅವು ಕಾಣುವುದಿಲ್ಲ. ಅವರಿಗೆ ಆ ತಿಂಗಳ ತೆರಿಗೆ ಕ್ರೆಡಿಟ್ ಸಿಗದು, ನಮ್ಮ ಪೇಮೆಂಟ್ ತಡೆಹಿಡಿಯುತ್ತಾರೆ.

ಹಾಗಾಗಿ ಉತ್ತರ ಹೀಗಿರಲಿ:

"ಮೇ 8, ಶುಕ್ರವಾರದಿಂದ ಮೇ 16, ಶನಿವಾರದವರೆಗೆ (ಎರಡೂ ದಿನ ಸೇರಿ) ನಿಮ್ಮ ಗಳಿಕೆ ರಜೆ ಮಂಜೂರಾಗಿದೆ. ಮೇ 17 ರವಿವಾರದ ರಜೆ. ಮೇ 18, ಸೋಮವಾರ ಬೆಳಿಗ್ಗೆ 9.30ಕ್ಕೆ ಕೆಲಸಕ್ಕೆ ಹಾಜರಾಗಬೇಕು. ಏಪ್ರಿಲ್‌ನ ಮಾರಾಟದ ಬಿಲ್ಲುಗಳನ್ನೂ ಪಿಎಫ್ ಪಟ್ಟಿಯನ್ನೂ ತಾಳೆ ನೋಡಿ ಮೇ 6ರ ಸಂಜೆಯೊಳಗೆ ಸಹಾಯಕರಿಗೆ ಒಪ್ಪಿಸಿ. ಮೇ 7ರಂದು ಅವರು ನಿಮ್ಮೆದುರೇ ಜಿಎಸ್‌ಟಿಆರ್-1ರ ಬಿಲ್ಲುಗಳನ್ನು ತುಂಬಿ ಸೇವ್ ಮಾಡಲಿ. ಮೇ 11 ಮತ್ತು 15ರಂದು ಬೆಳಿಗ್ಗೆ 10ರಿಂದ 11ರ ನಡುವೆ ಮಾತ್ರ ನಾನು ಕರೆ ಮಾಡಬಹುದು. ರಜೆ ಮುಂದುವರಿಸಬೇಕಾದರೆ ಮೇ 15ರೊಳಗೆ ಬರೆದು ತಿಳಿಸಿ, ನನ್ನ ಉತ್ತರ ಬಂದ ಮೇಲಷ್ಟೇ ಅದು ಮಂಜೂರಾದಂತೆ."

"ಚಾರ್ಜ್ ಕೊಟ್ಟು ಹೋಗಿ" ಎಂದಷ್ಟೇ ಬರೆದರೆ ಫೈಲು ಕೈ ಬದಲಿಸುತ್ತದೆ, ಕೆಲಸ ಬದಲಿಸುವುದಿಲ್ಲ. ಎದುರಿಗೇ ತುಂಬಿಸಿದಾಗಲೇ ಯಾರ ಜಿಎಸ್‌ಟಿ ನಂಬರ್ ತಪ್ಪಿದೆ, ಯಾವ ಕ್ರೆಡಿಟ್ ನೋಟ್ ಬಿಟ್ಟುಹೋಗಿದೆ ಎಂಬುದು ಹೊರಬೀಳುವುದು. ಓಟಿಪಿ ಬರುವ ಮೊಬೈಲ್ ಯಾರದೆಂದು ಅದೇ ದಿನ ಖಚಿತಪಡಿಸಿಕೊಳ್ಳಿ. ಎಷ್ಟೋ ಸಣ್ಣ ಘಟಕಗಳಲ್ಲಿ ಅದು ಲೆಕ್ಕದವರ ಸ್ವಂತ ನಂಬರೇ ಆಗಿರುತ್ತದೆ. ಅದನ್ನು ಮಾಲೀಕರ ನಂಬರಿಗೆ ಬದಲಾಯಿಸಿಕೊಳ್ಳುವುದು ನಿಮ್ಮ ಜವಾಬ್ದಾರಿ, ರಜೆಯ ಷರತ್ತಲ್ಲ.

"ಫೋನಿನಲ್ಲಿ ಸಿಗಬೇಕು" ಎಂದು ಬಿಡುಬೀಸಾಗಿ ಬರೆಯಬೇಡಿ. ಒಂಬತ್ತೂ ದಿನ ಫೋನ್ ಕೈಯಲ್ಲಿ ಹಿಡಿದುಕೊಂಡಿರುವುದು ರಜೆಯೇ ಅಲ್ಲ. ನಮ್ಮ ಕಡೆ ಅಕ್ಕಿಕಾಳು ಬೀಳುವುದು ಹೆಚ್ಚಾಗಿ ಮಧ್ಯಾಹ್ನ. ಅದಕ್ಕೇ ಬೆಳಗಿನ ಹೊತ್ತು ಕೊಟ್ಟದ್ದು. ಮದುವೆಯ ದಿನವೇ 11 ಅಥವಾ 15 ಆಗಿದ್ದರೆ ಕರೆಯನ್ನು ಹಿಂದಿನ ದಿನಕ್ಕೆ ಹಾಕಿ.

"ಒಪ್ಪಿಸದಿದ್ದರೆ ರಜೆ ರದ್ದು" ಎಂಬ ಸಾಲೂ ಬೇಡ. ಮದುವೆಯ ತಾರೀಖು ಮುಂದೆ ಹೋಗದು, ಅವರು ಹೇಗೂ ಹೊರಡುತ್ತಾರೆ, ಆಮೇಲೆ ಪತ್ರಕ್ಕೆ ಬೆಲೆಯಿರದು. 6ರ ಸಂಜೆ ಪಟ್ಟಿ ಬಾರದಿದ್ದರೆ 7ರಂದು ಮೂವರೂ ಕುಳಿತು ಅದನ್ನು ಮುಗಿಸಿ. ಪತ್ರ ಕೊಟ್ಟ ದಿನವೇ ಅದರ ಒಂದು ಪ್ರತಿ ಸಹಾಯಕರಿಗೂ ಹೋಗಲಿ.