ಮಷೀನ್ ರೂಪಾಯಿ ತೋರಿಸಿದರೂ ಯೂರೋನೇ ಒತ್ತಿ: ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್ ಸುತ್ತಿನ ಕಾರ್ಡ್ ಅನುಭವ

ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್ ಮೂರನ್ನೂ ರೈಲಿನಲ್ಲಿ ಒಂದೇ ಸುತ್ತಿನಲ್ಲಿ ನೋಡಿ ಬರುವವರು ಬಹಳ ಜನ. ನಾವೂ ಹಾಗೇ ಹೋಗಿ ಬಂದೆವು. ಅಲ್ಲಿ ಏನೇನು ನೋಡಬೇಕು ಅಂತ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯುತ್ತಿರುವುದು ದುಡ್ಡಿನ ವಿಷಯ. ಅದರಲ್ಲೂ ಕಾರ್ಡ್ ಮಷೀನ್ ಕೇಳುವ ಒಂದು ಪ್ರಶ್ನೆಯ ವಿಷಯ.

ಈ ಸುತ್ತಿನಲ್ಲಿ ಮೂರು ದೇಶ, ಮೂರು ಕರೆನ್ಸಿ. ಆಸ್ಟ್ರಿಯಾದಲ್ಲಿ ಯೂರೋ, ಚೆಕ್ ದೇಶದಲ್ಲಿ ಕೊರುನಾ, ಹಂಗೇರಿಯಲ್ಲಿ ಫೋರಿಂಟ್. ಮಷೀನ್ ಪರದೆಯ ಮೇಲೆ ಇವು EUR, CZK, HUF ಅಂತ ಕಾಣುತ್ತವೆ. ಹೊರಡುವ ಮೊದಲೇ ಈ ಮೂರು ಕೋಡ್ ಬಾಯಿಪಾಠ ಮಾಡಿಕೊಳ್ಳಿ. ಯಾಕೆಂದರೆ ಕಾರ್ಡ್ ಹಾಕಿದ ಮೇಲೆ ಎಷ್ಟೋ ಕಡೆ ಪರದೆಯ ಮೇಲೆ ಎರಡು ಮೊತ್ತ ಬರುತ್ತದೆ. ಒಂದು ಅಲ್ಲಿನ ಕರೆನ್ಸಿಯಲ್ಲಿ, ಇನ್ನೊಂದು ರೂಪಾಯಿಯಲ್ಲಿ. ಯಾವುದರಲ್ಲಿ ಕೊಡುತ್ತೀರಿ ಅನ್ನುವುದೇ ಆ ಪ್ರಶ್ನೆ. ಪರದೇಶದಲ್ಲಿ ರೂಪಾಯಿ ಕಂಡ ಕೂಡಲೇ ಎಷ್ಟಾಯಿತು ಅಂತ ಗೊತ್ತಾಗಿ ಮನಸ್ಸು ಹಗುರ ಆಗುತ್ತದೆ, ಬೆರಳು ತಾನಾಗಿ ಅತ್ತ ಹೋಗುತ್ತದೆ. ಸಣ್ಣ ಬಿಲ್ಲೂ ಸಾವಿರಗಳಲ್ಲಿ ಬರುವ ಬುಡಾಪೆಸ್ಟ್‌ನಲ್ಲಂತೂ ಈ ಸೆಳೆತ ಇನ್ನೂ ಜಾಸ್ತಿ. ಅಲ್ಲೇ ಸ್ವಲ್ಪ ತಡೆಯಿರಿ.

ಇದರ ಹೆಸರು ಡೈನಾಮಿಕ್ ಕರೆನ್ಸಿ ಕನ್ವರ್ಶನ್, ಚಿಕ್ಕದಾಗಿ ಡಿಸಿಸಿ. ನಮ್ಮ ಕಾರ್ಡ್ ಯಾವ ದೇಶದ್ದು ಅಂತ ಮಷೀನ್‌ಗೆ ಹೇಗೆ ಗೊತ್ತು? ಕಾರ್ಡ್ ನಂಬರಿನ ಮೊದಲ ಕೆಲವು ಅಂಕಿಗಳು ಯಾವ ಬ್ಯಾಂಕ್ ಕೊಟ್ಟ ಕಾರ್ಡ್, ಯಾವ ದೇಶದ್ದು ಅನ್ನುವುದನ್ನು ಹೇಳುತ್ತವೆ. ಅದನ್ನು ಓದಿಕೊಂಡೇ ಮಷೀನ್ ರೂಪಾಯಿ ಲೆಕ್ಕ ತೋರಿಸುತ್ತದೆ.

ರೂಪಾಯಿ ಒತ್ತಿದರೆ ಕರೆನ್ಸಿ ಬದಲಾಯಿಸುವ ಕೆಲಸ ಅಂಗಡಿಯ ಕಡೆಯೇ ಮುಗಿಯುತ್ತದೆ. ಅಂಗಡಿಯ ಬ್ಯಾಂಕು, ಅದರ ಜೊತೆ ಇರುವ ಡಿಸಿಸಿ ಕಂಪನಿ ಸೇರಿ ತಮ್ಮದೇ ದರ ಹಾಕುತ್ತವೆ. ಆ ದರದಲ್ಲಿ ಒಂದು ಮಾರ್ಕ್‌ಅಪ್ ಸೇರಿರುತ್ತದೆ. ಹಾಗೆ ಬಂದ ಲಾಭದಲ್ಲಿ ಸಾಮಾನ್ಯವಾಗಿ ಅಂಗಡಿಯವರಿಗೂ ಒಂದು ಪಾಲು ಸಿಗುತ್ತದೆ. ಕೌಂಟರಿನಲ್ಲಿ ಕೆಲವರು 'ರೂಪಾಯಲ್ಲೇ ಮಾಡಲಾ?' ಅಂತ ಅಷ್ಟು ಅಕ್ಕರೆಯಿಂದ ಕೇಳುವುದರ ಹಿಂದೆ ಇದೂ ಇದೆ.

ಸ್ಥಳೀಯ ಕರೆನ್ಸಿ ಒತ್ತಿದರೆ ಬೇರೆ ದಾರಿ. ಬಿಲ್ಲು ಯೂರೋದಲ್ಲೇ ಹೋಗುತ್ತದೆ. ಆಮೇಲೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ತಮ್ಮ ದರದಲ್ಲಿ ಅದನ್ನು ರೂಪಾಯಿಗೆ ಬದಲಾಯಿಸುತ್ತವೆ. ಈ ದರ ಮಾರುಕಟ್ಟೆ ದರಕ್ಕೆ ಬಹಳ ಹತ್ತಿರ ಇರುತ್ತದೆ. ಅದರ ಮೇಲೆ ನಿಮ್ಮ ಬ್ಯಾಂಕು ತನ್ನ ವಿದೇಶಿ ವಹಿವಾಟಿನ ಶುಲ್ಕ ಹಾಕುತ್ತದೆ. ಕೆಲವು ಕಾರ್ಡ್‌ಗಳಿಗೆ ಆ ಶುಲ್ಕವೇ ಇರುವುದಿಲ್ಲ, ಕೆಲವಕ್ಕೆ ಶೇಕಡಾ 2, ಕೆಲವಕ್ಕೆ 3ಕ್ಕೂ ಮೇಲೆ. ಹೊರಡುವ ಮೊದಲು ನೋಡಿಕೊಳ್ಳಬೇಕಾದ ಅಂಕಿ ಇದೊಂದೇ. ಬ್ಯಾಂಕಿನ ಶುಲ್ಕದ ಪಟ್ಟಿಯಲ್ಲಿ ಸಿಗುತ್ತದೆ.

ಈಗ ಹೋಟೆಲ್ ಬಿಲ್ಲಿನ ಲೆಕ್ಕ ನೋಡೋಣ. ಲೆಕ್ಕ ಸುಲಭ ಆಗಲಿ ಅಂತ ಆ ದಿನ ವೀಸಾ ದರ 1 ಯೂರೋಗೆ ಸರಿಯಾಗಿ 100 ರೂಪಾಯಿ ಅಂತ ಇಟ್ಟುಕೊಳ್ಳೋಣ. ಬಿಲ್ಲು 500 ಯೂರೋ. ರಿಸೆಪ್ಶನ್‌ನಲ್ಲಿ ಮಷೀನ್ ಹೀಗೆ ತೋರಿಸುತ್ತದೆ:

```
EUR 500.00
INR 53,000.00
1 EUR = 106.00 INR
```

ಮೂರನೇ ಸಾಲು ಚಿಕ್ಕ ಅಕ್ಷರದಲ್ಲಿರುತ್ತದೆ, ಆದರೆ ವಿಷಯ ಇರುವುದೇ ಅಲ್ಲಿ. 100 ಇರಬೇಕಾದ ಕಡೆ 106 ಇದೆ. ಅಂದರೆ ಶೇಕಡಾ 6 ಮಾರ್ಕ್‌ಅಪ್. INR ಒತ್ತಿದರೆ 53,000 ಹೋಗುತ್ತದೆ. EUR ಒತ್ತಿದರೆ 500 ಯೂರೋಗೆ 50,000, ಅದರ ಮೇಲೆ ಬ್ಯಾಂಕಿನ ಶೇಕಡಾ 2 ಶುಲ್ಕ ಅಂದರೆ 1,000. ಒಟ್ಟು 51,000. ಅದೇ ರೂಮು, ಅದೇ ಬಿಲ್ಲು, ಒಂದು ಬಟನ್‌ಗೆ 2,000 ರೂಪಾಯಿ ವ್ಯತ್ಯಾಸ. ಇದು ಅಲ್ಲಿಗೇ ನಿಲ್ಲಬೇಕು ಅಂತಲೂ ಇಲ್ಲ. ರೂಪಾಯಿಯಲ್ಲಿ ಕೊಟ್ಟರೂ ವಹಿವಾಟು ನಡೆದದ್ದು ಹೊರದೇಶದಲ್ಲಿ ಅಂತ ಕೆಲವು ಬ್ಯಾಂಕುಗಳು ತಮ್ಮ ಶುಲ್ಕವನ್ನೂ ಹಾಕುತ್ತವೆ. ಆಗ ಎರಡೂ ಕಡೆ ಕೊಟ್ಟ ಹಾಗಾಗುತ್ತದೆ.

ಯಾವಾಗಲೂ ಹೀಗೇನಾ? ಇಲ್ಲ. ನಿಮ್ಮ ಬ್ಯಾಂಕಿನ ಶುಲ್ಕ ಶೇಕಡಾ 4 ಇದ್ದು, ಮಷೀನಿನ ಮಾರ್ಕ್‌ಅಪ್ 3 ಮಾತ್ರ ಇದ್ದು, ರೂಪಾಯಿ ವಹಿವಾಟಿಗೆ ನಿಮ್ಮ ಬ್ಯಾಂಕು ಏನೂ ಹಾಕದಿದ್ದರೆ ರೂಪಾಯಿಯೇ ಅಗ್ಗ. ಆದರೆ ಈ ಮೂರೂ ಒಟ್ಟಿಗೆ ಕೂಡಿಬರುವುದು ಅಪರೂಪ. ಅನುಮಾನ ಇದ್ದರೆ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ತಮ್ಮ ವೆಬ್‌ಸೈಟಿನಲ್ಲಿ ದರದ ಕ್ಯಾಲ್ಕ್ಯುಲೇಟರ್ ಇಟ್ಟಿವೆ. ಅಲ್ಲಿ ನಿಮ್ಮ ಬ್ಯಾಂಕಿನ ಶುಲ್ಕವನ್ನೂ ತುಂಬಿದರೆ ಕೊನೆಗೆ ಎಷ್ಟಾಗುತ್ತದೆ ಅಂತ ಹೇಳುತ್ತದೆ. ಬೆಳಿಗ್ಗೆ ಹೊರಡುವಾಗ ಒಮ್ಮೆ ನೋಡಿಕೊಂಡರೆ ಸಾಕು, ಪರದೆಯಲ್ಲಿ 106 ಕಂಡ ತಕ್ಷಣ ಕಣ್ಣು ಅಲ್ಲೇ ನಿಲ್ಲುತ್ತದೆ.

ಮಷೀನ್ ಮುಂದೆ ಎಚ್ಚರ ಬೇಕಿರುವುದು ಬಟನ್ ವಿಷಯದಲ್ಲಿ. ಎಲ್ಲ ಮಷೀನುಗಳೂ ಒಂದೇ ಥರ ಇಲ್ಲ. ಕೆಲವದರಲ್ಲಿ ಎರಡು ಮೊತ್ತದ ಪಕ್ಕ 1, 2 ಅಂತ ಇರುತ್ತದೆ. ಕೆಲವದರಲ್ಲಿ ರೂಪಾಯಿಗೆ ಹಸಿರು ಬಟನ್, ಯೂರೋಗೆ ಬೇರೆ ಬಟನ್. ಪಿನ್ ಹಾಕಿ ಹಸಿರು ಒತ್ತುವುದು ನಮಗೆಲ್ಲ ರೂಢಿ ಅಲ್ವಾ, ಹಾಗಾಗಿ ಓದದೆ ಹಸಿರು ಒತ್ತಿಬಿಡುವ ಅಪಾಯ ಇದೆ. ಇನ್ನು ಕೆಲವು ಮಷೀನುಗಳಲ್ಲಿ ಕೆಂಪು ಒತ್ತಿದರೆ ವಹಿವಾಟೇ ರದ್ದಾಗುತ್ತದೆ. ಅದಕ್ಕೆ ಗಾಬರಿ ಬೇಡ, ಮತ್ತೆ ಮೊದಲಿಂದ ಮಾಡಿಸಿದರಾಯಿತು. ನಾನು ಪಾಲಿಸಿದ ಕ್ರಮ ಹೀಗಿತ್ತು: ಕಾರ್ಡ್ ಕೊಡುವ ಮೊದಲೇ 'ಯೂರೋ, ಪ್ಲೀಸ್' ಅನ್ನುವುದು, ಮಷೀನನ್ನು ನನ್ನ ಕೈಗೆ ತೆಗೆದುಕೊಳ್ಳುವುದು, ಪಿನ್ ಹಾಕುವ ಪರದೆಯಲ್ಲಿ ಮೊತ್ತದ ಪಕ್ಕ ಯಾವ ಕೋಡ್ ಇದೆ ಅಂತ ನೋಡುವುದು. INR ಇದ್ದರೆ ಪಿನ್ ಹಾಕುವುದಿಲ್ಲ, ಅಷ್ಟೇ.

ಬುಡಾಪೆಸ್ಟ್‌ನ ಒಂದು ಊಟದ ಜಾಗದಲ್ಲಿ ಮಷೀನನ್ನು ತಮ್ಮ ಕಡೆ ತಿರುಗಿಸಿಕೊಂಡು, ಕೇಳದೇ ರೂಪಾಯಿ ಒತ್ತಿ, ಪಿನ್ ಹಾಕಿ ಅಂತ ನನ್ನ ಮುಂದೆ ಹಿಡಿದರು. ಪರದೆಯಲ್ಲಿ INR ಕಂಡಿತು. 'ಫೋರಿಂಟ್‌ನಲ್ಲಿ ಮಾಡಿ' ಅಂದೆ. ನಿಮ್ಮ ಕಾರ್ಡಿಗೆ ಹೀಗೇ ಬರುತ್ತದೆ, ಬದಲಾಯಿಸಲು ಆಗುವುದಿಲ್ಲ ಅಂದರು. ಆ ಮಾತು ಸರಿಯಲ್ಲ. ಆಯ್ಕೆ ಕಾರ್ಡ್ ಇಟ್ಟುಕೊಂಡವರದ್ದು, ಅಂಗಡಿಯವರದ್ದಲ್ಲ ಅಂತ ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲೇ ಇದೆ. ಎರಡೂ ಮೊತ್ತ, ದರ ತೋರಿಸಿ ಒಪ್ಪಿಗೆ ಕೇಳಲೇಬೇಕು. ರದ್ದು ಮಾಡಿ ಮತ್ತೆ ಹಾಕಿ ಅಂತ ಸಮಾಧಾನದಲ್ಲೇ ಹೇಳಿದೆ, ಎರಡನೇ ಸಲ ಫೋರಿಂಟ್‌ನಲ್ಲೇ ಬಂತು.

ಎಟಿಎಂನಲ್ಲಿ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ, ಮಾರ್ಕ್‌ಅಪ್ಪೂ ಅಲ್ಲಿ ಸಾಮಾನ್ಯವಾಗಿ ಜಾಸ್ತಿ. ಪ್ರಾಗ್‌ನ ಪ್ರವಾಸಿ ಜಾಗಗಳಲ್ಲಿ ಬ್ಯಾಂಕಿಗೆ ಸೇರದ ಎಟಿಎಂಗಳು ಬೀದಿ ಬೀದಿಯಲ್ಲಿವೆ. ದುಡ್ಡಿನ ಮೊತ್ತ ಒತ್ತಿದ ಮೇಲೆ 'Accept conversion', 'Decline conversion' ಅಂತ ಎರಡು ಆಯ್ಕೆ ಬರುತ್ತದೆ. ಅದರ ಜೊತೆ, ಈ ದರಕ್ಕೆ ಗ್ಯಾರಂಟಿ ಇದೆ, ಇಲ್ಲದಿದ್ದರೆ ನಿಮ್ಮ ಬ್ಯಾಂಕು ಎಷ್ಟು ಹಾಕುತ್ತದೋ ಗೊತ್ತಿಲ್ಲ ಅನ್ನುವ ಅರ್ಥದ ಎಚ್ಚರಿಕೆಯೂ ಇರುತ್ತದೆ. Decline ಒತ್ತಿದರೆ ದುಡ್ಡೇ ಬರುವುದಿಲ್ಲವೇನೋ ಅಂತ ಅನಿಸುತ್ತದೆ. ಬರುತ್ತದೆ. ನೀವು ಬೇಡ ಅಂದದ್ದು ಅವರ ದರವನ್ನು ಮಾತ್ರ. ಎಟಿಎಂ ಬಳಕೆಯ ಶುಲ್ಕ ಏನಾದರೂ ಇದ್ದರೆ ಅದು ಬೇರೆ, ಅದು ಎರಡೂ ದಾರಿಯಲ್ಲಿ ಕಟ್ ಆಗುತ್ತದೆ. ಅದಕ್ಕೇ ನಾವು ಬ್ಯಾಂಕಿನ ಗೋಡೆಗೆ ಅಂಟಿದ ಎಟಿಎಂಗಳನ್ನೇ ಹುಡುಕಿ ಬಳಸಿದೆವು.

ಹೋಟೆಲಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಬಿಲ್ಲು ಕಟ್ಟುವುದು ಹೊರಡುವಾಗ, ಆದರೆ ಕರೆನ್ಸಿಯ ತೀರ್ಮಾನ ಬಂದ ದಿನವೇ ಆಗಿರಬಹುದು. ಚೆಕ್‌ಇನ್ ಮಾಡುವಾಗ ಡೆಪಾಸಿಟ್‌ಗೆ ಅಂತ ಕಾರ್ಡ್ ತೆಗೆದುಕೊಂಡು ಒಂದು ಕಾಗದಕ್ಕೆ ಸಹಿ ಹಾಕಿಸುತ್ತಾರೆ. ಕೊನೆಯ ಬಿಲ್ಲನ್ನು ನಿಮ್ಮ ದೇಶದ ಕರೆನ್ಸಿಯಲ್ಲಿ ಹಾಕಲು ಒಪ್ಪಿಗೆ ಅನ್ನುವ ಸಾಲು ಅದರಲ್ಲಿ ಇರಬಹುದು. ದೂರದ ಪ್ರಯಾಣ ಮುಗಿಸಿ ಸುಸ್ತಾಗಿರುವ ಹೊತ್ತು, ಸುಮ್ನೆ ಸಹಿ ಹಾಕಿಬಿಡುತ್ತೇವೆ. ಇಡೀ ಪ್ರವಾಸದ ದೊಡ್ಡ ಬಿಲ್ಲು ಇದೇ ಆಗಿರುವುದರಿಂದ ಆ ಕಾಗದ ಓದಲು ಎರಡು ನಿಮಿಷ ಕೊಡಿ. ಅಂಥ ಸಾಲು ಇದ್ದರೆ ಹೊಡೆದು ಹಾಕಿ, ಯೂರೋ ಅಂತ ಬರೆದು ಸಹಿ ಮಾಡಿ.

ಫಾರೆಕ್ಸ್ ಕಾರ್ಡ್ ಇಟ್ಟುಕೊಂಡವರು ತಮಗೆ ಇದು ಸಂಬಂಧ ಇಲ್ಲ ಅಂದುಕೊಳ್ಳಬೇಡಿ. ಕಾರ್ಡಿನೊಳಗೆ ಯೂರೋ ತುಂಬಿದೆ ಅನ್ನುವುದು ಮಷೀನ್‌ಗೆ ಕಾಣುವುದಿಲ್ಲ. ಅದು ನೋಡುವುದು ಕಾರ್ಡ್ ನಂಬರನ್ನು ಮಾತ್ರ. ಹಾಗಾಗಿ ಯೂರೋ ಇರುವ ಕಾರ್ಡಿಗೂ ಬೇರೆ ಕರೆನ್ಸಿ ತೋರಿಸಬಹುದು. ನೀವು ಒಪ್ಪಿದರೆ ಯೂರೋ ಬಿಲ್ಲು ಮೊದಲು ಆ ಕರೆನ್ಸಿಗೆ ಬದಲಾಗಿ, ಅದನ್ನು ತೀರಿಸಲು ನಿಮ್ಮ ಯೂರೋ ಮತ್ತೆ ಬದಲಾಗಬೇಕಾಗುತ್ತದೆ. ಬದಲಾವಣೆಯೇ ಬೇಡ ಅಂತ ಮೊದಲೇ ಯೂರೋ ಕೊಂಡವರಿಗೆ ಎರಡು ಸಲ ನಷ್ಟ. ಇದು ನನಗೆ ಎಲ್ಲಕ್ಕಿಂತ ಬೇಸರ ತರುವ ಸಂಗತಿ, ಯಾಕೆಂದರೆ ಮುಂದಾಲೋಚನೆ ಮಾಡಿದವರಿಗೇ ಇಲ್ಲಿ ಹೊಡೆತ ಬೀಳುತ್ತದೆ.

ರಸೀದಿಗಳನ್ನು ಎಸೆಯಬೇಡಿ, ಒಂದು ಫೋಟೋ ಆದರೂ ಇಟ್ಟುಕೊಳ್ಳಿ. ಡಿಸಿಸಿ ಆಗಿದ್ದರೆ ರಸೀದಿಯಲ್ಲಿ ಎರಡೂ ಮೊತ್ತ, ದರ, ಜೊತೆಗೆ ಕರೆನ್ಸಿ ಆಯ್ಕೆ ನನ್ನದೇ ಅನ್ನುವ ಅರ್ಥದ ಇಂಗ್ಲಿಷ್ ಸಾಲು ಇರುತ್ತದೆ. ಅಂಗಡಿಯಲ್ಲಿ ಇರುವಾಗಲೇ ಕಂಡರೆ ಕೆಲಸ ಸುಲಭ. ಆ ವಹಿವಾಟನ್ನು ರದ್ದು ಮಾಡಿಸಿ, ರದ್ದಾದ ಚೀಟಿ ತೆಗೆದುಕೊಂಡು, ಮತ್ತೆ ಸ್ಥಳೀಯ ಕರೆನ್ಸಿಯಲ್ಲಿ ಹಾಕಿಸಿ. ರದ್ದು ಮಾಡುವುದನ್ನು ನಾಳೆ ರಿಫಂಡ್ ಮಾಡುತ್ತೇವೆ ಅನ್ನುವ ಮಾತಿಗೆ ಬಿಡಬೇಡಿ. ರಿಫಂಡ್ ಆ ದಿನದ ದರದಲ್ಲಿ ವಾಪಸ್ ಬದಲಾದರೆ ಕೊಟ್ಟಷ್ಟು ಕೈಗೆ ಬರುವುದಿಲ್ಲ.

ಊರಿಗೆ ಬಂದ ಮೇಲೆ ಸ್ಟೇಟ್‌ಮೆಂಟಿನಲ್ಲಿ ಕಂಡರೆ? ವಿದೇಶದ ಅಂಗಡಿಯ ಹೆಸರಿನ ಮುಂದೆ ಯೂರೋ ಮೊತ್ತವೇ ಇಲ್ಲದೆ ಬರೀ ರೂಪಾಯಿ ಇದ್ದರೆ ಅದು ಡಿಸಿಸಿ ಆಗಿರುವ ಸಾಧ್ಯತೆ ಹೆಚ್ಚು. ನಿಮ್ಮನ್ನು ಕೇಳದೇ ಹಾಕಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಬಹುದು. ವೀಸಾದ ದೂರು ವರ್ಗಗಳಲ್ಲಿ ತಪ್ಪು ಕರೆನ್ಸಿಗೆ ಅಂತಲೇ 12.3 ಅನ್ನುವ ಕೋಡ್ ಇದೆ. ದೂರಿನಲ್ಲಿ 'ಕರೆನ್ಸಿ ಆಯ್ಕೆ ನನಗೆ ಕೊಡಲಿಲ್ಲ' ಅಂತ ಸ್ಪಷ್ಟವಾಗಿ ಬರೆದು, ರಸೀದಿಯ ಫೋಟೋ ಲಗತ್ತಿಸಿ. ಆಯ್ಕೆ ತೋರಿಸಿದ್ದು, ನೀವೇ ರೂಪಾಯಿ ಒತ್ತಿದ್ದಾಗಿದ್ದರೆ ಮಾತ್ರ ಈ ದೂರು ನಿಲ್ಲುವುದಿಲ್ಲ. ದರ ದುಬಾರಿ ಅನ್ನುವುದು ಅಲ್ಲಿ ಕಾರಣ ಆಗುವುದಿಲ್ಲ. ದೂರಿಗೆ ಗಡುವೂ ಇರುತ್ತದೆ, ಹಾಗಾಗಿ ಸ್ಟೇಟ್‌ಮೆಂಟ್ ಬಂದ ವಾರದಲ್ಲೇ ರಸೀದಿಗಳ ಜೊತೆ ತಾಳೆ ನೋಡಿ.