ಡಿರ‍್ಯಾಮ್ ಲೈಟ್ ಉರಿದರೆ ರ‍್ಯಾಮೇ ಹೋಗಿದೆ ಅಂತಲ್ಲ

"ಫ್ಯಾನೆಲ್ಲ ತಿರುಗುತ್ತೆ ಸಾರ್, ಡಿಸ್‌ಪ್ಲೇ ಮಾತ್ರ ಬರಲ್ಲ." ಡೆಸ್ಕ್‌ಟಾಪ್ ರಿಪೇರಿ ಮಾಡುವ ನಮ್ಮಂಥವರಿಗೆ ಇದು ದಿನಾ ಕೇಳುವ ಮಾತು. ಮಾನಿಟರ್ ಕಪ್ಪಗಿದ್ದಾಗ ಎರರ್ ಮೆಸೇಜ್ ಓದುವ ಮಾತೇ ಇಲ್ಲ. ಆಗ ಸುಳಿವು ಸಿಗುವುದು ಎರಡು ಕಡೆ. ಒಂದು, ಸ್ಪೀಕರಿನಿಂದ ಬರುವ ಬೀಪ್. ಇನ್ನೊಂದು, ಈಗಿನ ಬಹಳಷ್ಟು ಮದರ್‌ಬೋರ್ಡ್‌ಗಳ ಅಂಚಿನಲ್ಲಿರುವ ನಾಲ್ಕು ಪುಟ್ಟ ಲೈಟ್. ಪಕ್ಕದಲ್ಲೇ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಅಚ್ಚು ಹಾಕಿರುತ್ತಾರೆ.

ಈ ಹೆಸರುಗಳೇ ಜನರ ದಾರಿ ತಪ್ಪಿಸುತ್ತವೆ. ಡಿರ‍್ಯಾಮ್ ಲೈಟ್ ಉರಿದರೆ ರ‍್ಯಾಮ್ ಹೋಗಿದೆ, ಸಿಪಿಯು ಲೈಟ್ ಉರಿದರೆ ಪ್ರೊಸೆಸರ್ ಹೋಗಿದೆ ಅಂತ ನೇರವಾಗಿ ಓದಿಬಿಡುತ್ತಾರೆ. ಲೈಟ್ ಹೇಳುವುದು ಅದನ್ನಲ್ಲ. ಪವರ್ ಬಟನ್ ಒತ್ತಿದ ಮೇಲೆ ಇಂಟೆಲ್ ಬೋರ್ಡಿನಲ್ಲಿ ನಡೆಯುವುದು ಹೀಗೆ: ಪ್ರೊಸೆಸರ್ ಮೊದಲು ಎದ್ದು, ಬೋರ್ಡಿನ ಮೇಲಿನ ಚಿಪ್ಪಿನಿಂದ ಬಯಾಸ್, ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಮೊದಲ ಪ್ರೋಗ್ರಾಮ್, ಓದಲು ಶುರುಮಾಡುತ್ತದೆ. ಆ ಹೊತ್ತಿಗೆ ರ‍್ಯಾಮ್ ಇನ್ನೂ ತಯಾರಾಗಿರುವುದಿಲ್ಲ. ಹಾಗಾಗಿ ತನ್ನೊಳಗಿನ ಕ್ಯಾಶ್ ಮೆಮೊರಿಯಲ್ಲೇ ಕೆಲಸ ನಡೆಸುತ್ತದೆ. ಆಮೇಲೆ ರ‍್ಯಾಮ್ ಸಿದ್ಧಮಾಡುತ್ತದೆ, ನಂತರ ಗ್ರಾಫಿಕ್ಸ್, ಕೊನೆಗೆ ವಿಂಡೋಸ್ ಇರುವ ಡಿಸ್ಕ್. ಒಂದೊಂದು ಹಂತ ಶುರುವಾದಾಗ ಅದರ ಲೈಟ್ ಹತ್ತುತ್ತದೆ, ಹಂತ ಮುಗಿದಾಗ ಆರುತ್ತದೆ. ಯಾವ ಲೈಟ್ ಆರದೆ ಉಳಿಯಿತೋ ಅಲ್ಲಿ ಕೆಲಸ ನಿಂತಿದೆ, ಅಷ್ಟೇ. ಬಸ್ಸು ಯಾವ ಸ್ಟಾಪಿನಲ್ಲಿ ಕೆಟ್ಟು ನಿಂತಿದೆ ಅಂತ ಗೊತ್ತಾದರೆ, ಕೆಟ್ಟಿದ್ದು ಟೈರೋ ಇಂಜಿನ್ನೋ ಅಂತ ಗೊತ್ತಾಗಿಬಿಡುತ್ತಾ?

ಹರಿಹರದ ಕಡೆಯಿಂದ ಬಂದ ಒಂದು ಕೇಸ್ ಹೇಳುತ್ತೇನೆ. ಮದುವೆ ಆಲ್ಬಂ ಡಿಸೈನ್ ಮಾಡುವವರ ಸಿಸ್ಟಮ್ ಅದು. ಹತ್ತನೇ ತಲೆಮಾರಿನ ಐ5, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್. ಡಿರ‍್ಯಾಮ್ ಲೈಟ್ ಆರುತ್ತಲೇ ಇರಲಿಲ್ಲ. ಅದನ್ನು ನೋಡಿ ಬೇರೆ ಕಡೆ ರ‍್ಯಾಮ್ ಹೋಗಿದೆ ಅಂದಿದ್ದಾರೆ. ಇವರು ಹೊಸ ಜೋಡಿ ಕೊಂಡಿದ್ದಾರೆ. ಹೊಸದು ಹಾಕಿದರೂ ಅದೇ ಲೈಟ್. ಹಳೆಯದು, ಹೊಸದು ಎರಡನ್ನೂ ಕವರಿನಲ್ಲಿ ಹಾಕಿಕೊಂಡೇ ಬಂದಿದ್ದರು.

ನಾನು ಮೊದಲು ಕೇಳಿದ್ದು, "ಇತ್ತೀಚೆಗೆ ಕ್ಯಾಬಿನೆಟ್ ಒಳಗೆ ಯಾರಾದರೂ ಕೈ ಹಾಕಿದ್ದರಾ ಅಣ್ಣ?" ಅಂತ.

"ರೆಂಡರ್ ಹಾಕಿದ್ರೆ ಬಿಸಿ ಜಾಸ್ತಿ ಆಗ್ತಿತ್ತು ಅಂತ ದೊಡ್ಡ ಕೂಲರ್ ಹಾಕಿಸಿದ್ದೆ. ಅದಾಗಿ ಸ್ವಲ್ಪ ದಿನಕ್ಕೇ ಹೀಗಾಯ್ತು," ಅಂದರು. ಈ ಉತ್ತರವನ್ನು ತಲೆಯಲ್ಲಿ ಇಟ್ಟುಕೊಂಡೆ. ಆದರೆ ಮೊದಲು ಲೈಟನ್ನೇ ಹಿಡಿದು ಹೊರಟೆ.

ಎಸ್‌ಎಂಪಿಎಸ್ ಸ್ವಿಚ್ ಆಫ್ ಮಾಡಿ, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಚಾರ್ಜ್ ಖಾಲಿ ಮಾಡಿ, ನಾಣ್ಯದಂಥ ಸಿಆರ್2032 ಸೆಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟೆ. ಬಯಾಸ್ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಬರಲಿ ಅಂತ. ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಸೆಟ್ಟಿಂಗ್ ಹೊಂದದಿದ್ದರೂ ಇದೇ ಲೈಟ್ ನಿಲ್ಲುತ್ತದೆ. ಆ ಅನುಮಾನ ಮೊದಲೇ ಕಳೆದುಹೋಗಬೇಕು.

ಆಮೇಲೆ ಎರಡೂ ರ‍್ಯಾಮ್ ತೆಗೆದು, ಖಾಲಿ ಸ್ಲಾಟ್ ಇಟ್ಟುಕೊಂಡೇ ಆನ್ ಮಾಡಿದೆ. ನೋಡುವವರಿಗೆ ಇದು ಹುಚ್ಚಾಟ ಅನ್ನಿಸುತ್ತದೆ, ಆದರೆ ನನಗೆ ಅತ್ಯಂತ ಇಷ್ಟದ ಪರೀಕ್ಷೆ ಇದೇ. ಪ್ರೊಸೆಸರ್ ಸತ್ತಿದ್ದರೆ ರ‍್ಯಾಮ್ ಇಲ್ಲ ಅಂತ ದೂರು ಹೇಳುವವರೇ ಇರುವುದಿಲ್ಲ. ಸಿಪಿಯು ಲೈಟ್ ಹತ್ತಿ ಆರಿತು, ಡಿರ‍್ಯಾಮ್ ಲೈಟ್ ನಿಂತಿತು, ನಾನು ಸಿಕ್ಕಿಸಿದ್ದ ಸ್ಪೀಕರಿನಲ್ಲಿ ಬೀಪ್ ಶುರುವಾಯಿತು. ಅಂದರೆ ಪ್ರೊಸೆಸರ್ ಬಯಾಸ್ ಓದುತ್ತಿದೆ, ಬೋರ್ಡಿಗೂ ಜೀವ ಇದೆ. ಬೀಪೂ ಇಲ್ಲದೆ, ಲೈಟ್ ಸಿಪಿಯು ದಾಟದೆ ಇದ್ದಿದ್ದರೆ ನನ್ನ ಹುಡುಕಾಟವೇ ಬೇರೆ ಆಗುತ್ತಿತ್ತು.

ಈಗ ಹಳೆಯ ರ‍್ಯಾಮಿನಲ್ಲಿ ಒಂದನ್ನು ಮಾತ್ರ ಎ2 ಸ್ಲಾಟಿಗೆ ಹಾಕಿದೆ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯದು ಎ2, ನಾಲ್ಕನೆಯದು ಬಿ2. ಒಂದೇ ರ‍್ಯಾಮ್ ಇದ್ದರೆ ಎ2, ಎರಡಿದ್ದರೆ ಎ2 ಮತ್ತು ಬಿ2. ಆನ್ ಮಾಡಿದೆ, ಡಿಸ್‌ಪ್ಲೇ ಬಂತು. ಅದನ್ನು ತೆಗೆದು ಇನ್ನೊಂದನ್ನು ಅದೇ ಎ2ಗೆ ಹಾಕಿದೆ, ಆಗಲೂ ಬಂತು. ಅಲ್ಲಿಗೆ ಹೋಗಿದೆ ಅಂತ ತೀರ್ಮಾನ ಮಾಡಿದ್ದ ಹಳೆಯ ರ‍್ಯಾಮ್ ಎರಡೂ ಕೆಲಸ ಮಾಡುತ್ತಿವೆ ಅಂತಾಯಿತು. ಇವರ ಮುಖ ನೋಡಬೇಕಿತ್ತು. ಹೊಸದಕ್ಕೆ ಆಗಲೇ ದುಡ್ಡು ಕೊಟ್ಟಾಗಿತ್ತಲ್ಲ.

ಅದೇ ರ‍್ಯಾಮನ್ನು ಬಿ2ಗೆ ಹಾಕಿದರೆ ಡಿರ‍್ಯಾಮ್ ಲೈಟ್. ಇನ್ನೊಂದನ್ನು ಹಾಕಿದರೂ ಅದೇ. ಸರಿ, ಬಿ2 ಸ್ಲಾಟ್ ಹೋಗಿರಬಹುದು ಅಲ್ವಾ? ಅದಕ್ಕೇ ಬಿ1 ಕೂಡ ನೋಡಿದೆ. ಅಲ್ಲೂ ನಿಂತಿತು. ಪಕ್ಕಪಕ್ಕದ ಎರಡು ಸ್ಲಾಟ್ ಒಟ್ಟಿಗೆ ಕೆಡುವುದು ಅಪರೂಪ. ಎರಡಕ್ಕೂ ಸೇರಿದ್ದು ಏನು ಅಂತ ನೋಡಿದರೆ, ಬಿ ಚಾನೆಲ್. ಆ ಚಾನೆಲ್ಲಿನ ಗೆರೆಗಳು ಸ್ಲಾಟಿನಿಂದ ಹೊರಟು ಬೋರ್ಡಿನೊಳಗೆ ಹಾದು ಪ್ರೊಸೆಸರ್ ಸಾಕೆಟ್ಟಿನ ಪಿನ್ನುಗಳಿಗೆ ಸೇರುತ್ತವೆ. ರ‍್ಯಾಮನ್ನು ನಡೆಸುವ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೇ. ಹಾಗಾಗಿ ಅನುಮಾನ ಸ್ಲಾಟಿನಿಂದ ಸಾಕೆಟ್ಟಿಗೆ ಹೋಯಿತು. ಪಿನ್ ಬಗ್ಗಿರಬಹುದು, ಪ್ರೊಸೆಸರಿನ ಆ ಭಾಗವೇ ಕೆಟ್ಟಿರಬಹುದು, ಇಲ್ಲವೇ ಎರಡೂ ಚೆನ್ನಾಗಿದ್ದು ಒಂದಕ್ಕೊಂದು ಸರಿಯಾಗಿ ತಾಗುತ್ತಿಲ್ಲದಿರಬಹುದು.

ಆ ದೊಡ್ಡ ಕೂಲರ್ ನೆನಪಾಗಿದ್ದು ಇಲ್ಲಿ. ಈ ಸಾಕೆಟ್ಟಿನಲ್ಲಿ ಪ್ರೊಸೆಸರಿಗೆ ಪಿನ್ ಇಲ್ಲ, ಚಪ್ಪಟೆ ಚುಕ್ಕಿಗಳಷ್ಟೇ. ಸ್ಪ್ರಿಂಗಿನಂಥ ಸಣ್ಣ ಪಿನ್ನುಗಳು ಸಾಕೆಟ್ಟಿನಲ್ಲಿದ್ದು, ಮೇಲಿನಿಂದ ಬೀಳುವ ಒತ್ತಡದಿಂದ ಆ ಚುಕ್ಕಿಗಳಿಗೆ ತಾಗಿರುತ್ತವೆ. ಒತ್ತಡ ಒಂದು ಮೂಲೆಗೆ ಜಾಸ್ತಿಯಾದರೆ ಎದುರು ಮೂಲೆಯಲ್ಲಿ ಸಂಪರ್ಕ ಸಡಿಲವಾಗುತ್ತದೆ. ಕೂಲರಿನ ನಾಲ್ಕು ಸ್ಕ್ರೂ ನೋಡಿದರೆ ಒಂದನ್ನು ಪೂರ್ತಿ ಬಿಗಿದಿದ್ದಾರೆ, ಅದರ ಎದುರಿನದು ಅರ್ಧಕ್ಕೇ ನಿಂತಿದೆ. ಬೋರ್ಡನ್ನು ಬದಿಯಿಂದ ನೋಡಿದರೆ ಆ ಮೂಲೆ ಸಣ್ಣಗೆ ಬಾಗಿದ್ದು ಕಾಣುತ್ತಿತ್ತು.

ಪವರ್ ತೆಗೆದು ಆ ಬಿಗಿ ಸ್ಕ್ರೂವನ್ನು ಅರ್ಧ ಸುತ್ತು ಸಡಿಲ ಮಾಡಿದೆ. ಎ2, ಬಿ2 ಎರಡಕ್ಕೂ ರ‍್ಯಾಮ್ ಹಾಕಿ ಆನ್ ಮಾಡಿದೆ. ಡಿರ‍್ಯಾಮ್ ಲೈಟ್ ಹತ್ತಿತು, ಆರಿತು, ಬಯಾಸ್‌ನಲ್ಲಿ 16 ಜಿಬಿ ಕಂಡಿತು. ಕಾಕತಾಳೀಯ ಇರಬಹುದು ಅಂತ ಪವರ್ ತೆಗೆದು ಮತ್ತೆ ಮೊದಲಿನಷ್ಟೇ ಬಿಗಿ ಮಾಡಿ ನೋಡಿದೆ. ಲೈಟ್ ವಾಪಸ್ ಬಂತು. ತೊಂದರೆಯನ್ನು ಬೇಕೆಂದಾಗ ತರಲು, ಬೇಕೆಂದಾಗ ಕಳೆಯಲು ಆದರೆ ಕಾರಣ ಸಿಕ್ಕಿದೆ ಅಂತ ನಾನು ಒಪ್ಪುತ್ತೇನೆ.

ಆದರೂ ಕೂಲರ್ ಪೂರ್ತಿ ತೆಗೆದು, ಪ್ರೊಸೆಸರ್ ಎತ್ತಿ ಸಾಕೆಟ್ ನೋಡಿದೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಪಿನ್ನುಗಳ ತುದಿ ಸಾಲುಸಾಲಾಗಿ ಒಂದೇ ಥರ ಹೊಳೆಯಬೇಕು. ಎಲ್ಲಾದರೂ ಸಾಲು ಕೆಟ್ಟಿದ್ದರೆ, ಒಂದು ಚುಕ್ಕಿ ಹೊಳೆಯದಿದ್ದರೆ, ಅಲ್ಲಿ ಪಿನ್ ಬಗ್ಗಿದೆ ಅಥವಾ ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ಬಿದ್ದಿದೆ ಅಂತ ಅರ್ಥ. ಬಗ್ಗಿದ ಪಿನ್ನನ್ನು ಸೂಜಿಯಿಂದ ಎತ್ತುವ ಕೆಲಸ ಕೈ ಪಳಗಿದವರಿಗೆ ಬಿಡಿ. ಇದರಲ್ಲಿ ಎಲ್ಲ ಸರಿಯಿತ್ತು. ಹೊಸ ಪೇಸ್ಟ್ ಹಾಕಿ, ನಾಲ್ಕೂ ಸ್ಕ್ರೂಗಳನ್ನು ಎದುರುಬದುರು ಮೂಲೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಸಮನಾಗಿ ಕೂರಿಸಿದೆ.

ಬೀಪ್ ಬಗ್ಗೆಯೂ ಹೇಳಬೇಕು. ಈಗಿನ ಬೋರ್ಡ್‌ಗಳ ಜೊತೆ ಸ್ಪೀಕರ್ ಬರುವುದೇ ಕಡಿಮೆ. ಬೋರ್ಡಿನಲ್ಲಿ ಸ್ಪೀಕರ್ ಪಿನ್ ಇದ್ದರೆ ಪುಟ್ಟ ಸ್ಪೀಕರ್ ಕೊಂಡು ಸಿಕ್ಕಿಸಿಕೊಳ್ಳಬಹುದು, ಹೆಚ್ಚು ದುಡ್ಡಿನ ಸಾಮಾನೇನಲ್ಲ. ಲೈಟ್ ಇಲ್ಲದ ಹಳೆಯ ಬೋರ್ಡ್‌ಗಳಿಗೆ ಅದೇ ಗತಿ. ಆದರೆ ಬೀಪ್ ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಒಂದು ಉದ್ದ ಎರಡು ಗಿಡ್ಡ ಬೀಪ್ ಅಂದರೆ ಹಳೆಯ ಅವಾರ್ಡ್ ಬಯಾಸ್‌ನಲ್ಲಿ ಗ್ರಾಫಿಕ್ಸ್ ತೊಂದರೆ. ಏಸಸ್‌ನ ಈಚಿನ ಬೋರ್ಡ್‌ಗಳಲ್ಲಿ ಅದೇ ಸದ್ದು ರ‍್ಯಾಮ್ ಸಿಗುತ್ತಿಲ್ಲ ಅನ್ನುತ್ತದೆ. ಅಲ್ಲಿ ಗ್ರಾಫಿಕ್ಸ್ ಸಿಗದಿದ್ದರೆ ಒಂದು ಉದ್ದ, ಮೂರು ಗಿಡ್ಡ. ಹಳೆಯ ಅಭ್ಯಾಸದಲ್ಲಿ ಕೇಳಿದರೆ ಸುಮ್ನೆ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಕೂರುತ್ತೀರಿ. ಆ ಬೋರ್ಡಿನ ಮ್ಯಾನುಯಲ್ ಒಂದೇ ನಂಬಿಕೆಗೆ ಅರ್ಹ. ಮಾಡೆಲ್ ಹೆಸರು ಬೋರ್ಡಿನ ಮೇಲೇ ಇರುತ್ತದೆ.

ಉಳಿದ ಲೈಟ್‌ಗಳಿಗೂ ಇದೇ ಕ್ರಮ. ಸಿಪಿಯು ಲೈಟ್ ನಿಂತರೆ ನಾನು ಮೊದಲು ನೋಡುವುದು ಬೋರ್ಡಿನ ಮೇಲ್ತುದಿಯ ಎಂಟು ಪಿನ್ನಿನ ಪವರ್ ಕೇಬಲ್ ಕೂತಿದೆಯಾ ಅಂತ. ಅದು ಸರಿಯಿದ್ದರೆ, ಆ ಪ್ರೊಸೆಸರನ್ನು ಗುರುತಿಸುವಷ್ಟು ಹೊಸ ಬಯಾಸ್ ಬೋರ್ಡಿನಲ್ಲಿ ಇದೆಯಾ ಅಂತ. ಪ್ರೊಸೆಸರೇ ಕೆಟ್ಟಿರುವುದು ಎಲ್ಲಕ್ಕಿಂತ ಕಡಿಮೆ. ವಿಜಿಎ ಲೈಟ್ ನಿಂತರೆ ಗ್ರಾಫಿಕ್ಸ್ ಕಾರ್ಡಿಗೆ ಪ್ರತ್ಯೇಕ ಪವರ್ ಕೇಬಲ್ ಹಾಕಿದ್ದಾರಾ ನೋಡಿ. ಕಾರ್ಡ್ ತೆಗೆದು ಬೋರ್ಡಿನ ಎಚ್‌ಡಿಎಂಐಗೆ ಮಾನಿಟರ್ ಹಾಕಿದಾಗ ಡಿಸ್‌ಪ್ಲೇ ಬಂದರೆ, ಕಾರ್ಡ್, ಅದರ ಸ್ಲಾಟ್, ಕೇಬಲ್ ಇಷ್ಟರಲ್ಲೇ ತೊಂದರೆ. ಆದರೆ ಹೆಸರಿನ ಕೊನೆಯಲ್ಲಿ ಎಫ್ ಇರುವ ಇಂಟೆಲ್ ಪ್ರೊಸೆಸರಿಗೆ ಸ್ವಂತ ಗ್ರಾಫಿಕ್ಸ್ ಇಲ್ಲ, ರೈಜೆನ್ 5 5600ಗೂ ಇಲ್ಲ. ಅಂಥದ್ದರಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಬೇರೆ ಕಾರ್ಡ್ ಹಾಕಿಯೇ ನೋಡಬೇಕು.

ಡಿಡಿಆರ್5 ಬಂದ ಮೇಲೆ ಹೊಸದೊಂದು ಗಾಬರಿ ಶುರುವಾಗಿದೆ. ಎಎಂಡಿ ಪ್ರೊಸೆಸರ್ ಕೂರುವ ಎಎಂ5 ಬೋರ್ಡಿಗೆ ಹೊಸ ರ‍್ಯಾಮ್ ಹಾಕಿ ಮೊದಲ ಸಲ ಆನ್ ಮಾಡಿದಾಗ, ರ‍್ಯಾಮಿಗೆ ಹೊಂದುವ ಸೆಟ್ಟಿಂಗನ್ನು ಅದೇ ಹುಡುಕಿಕೊಳ್ಳುತ್ತದೆ. ಅಷ್ಟು ಹೊತ್ತೂ ಡಿರ‍್ಯಾಮ್ ಲೈಟ್ ಉರಿಯುತ್ತಿರುತ್ತದೆ, ಪರದೆ ಕಪ್ಪಾಗಿರುತ್ತದೆ. ಕೆಲವು ನಿಮಿಷ ಹಿಡಿಯಬಹುದು. ಜನ ಅರ್ಧ ನಿಮಿಷಕ್ಕೇ ಪವರ್ ಆಫ್ ಮಾಡುತ್ತಾರೆ, ಅದು ಮತ್ತೆ ಮೊದಲಿನಿಂದ ಶುರುಮಾಡುತ್ತದೆ. ಒಂದು ಕಾಲು ಗಂಟೆ ಸುಮ್ಮನೆ ಬಿಟ್ಟು, ಆಮೇಲೆ ಬಿಚ್ಚಿ.

ಲೈಟ್ ಆರಿದ ಮಾತ್ರಕ್ಕೆ ರ‍್ಯಾಮ್ ಪೂರ್ತಿ ಚೆನ್ನಾಗಿದೆ ಅಂತಲೂ ಅಲ್ಲ. ಆನ್ ಆಗುವಾಗ ಬೋರ್ಡ್ ಮಾಡುವುದು ಮೇಲುಮೇಲಿನ ಪರೀಕ್ಷೆ. ಎಲ್ಲೋ ಒಂದೆರಡು ಬಿಟ್ ಕೆಟ್ಟಿದ್ದರೆ ನಾಲ್ಕೂ ಲೈಟ್ ಆರುತ್ತವೆ, ವಿಂಡೋಸ್ ಬರುತ್ತದೆ, ದೊಡ್ಡ ಫೈಲ್ ತೆರೆದಾಗ ನೀಲಿ ಪರದೆ ಬರುತ್ತದೆ. ಅದಕ್ಕೇ ಆಲ್ಬಂನವರ ಸಿಸ್ಟಮ್ ವಾಪಸ್ ಕೊಡುವ ಮುಂಚೆ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಬಿಟ್ಟೆ. ಉಚಿತ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ. ಒಂದೇ ಒಂದು ಎರರ್ ಬಂದರೂ ಆ ಜೋಡಿಯನ್ನು ಬಿಡಿಬಿಡಿಯಾಗಿ ಮತ್ತೆ ಓಡಿಸಬೇಕು. ಇವರದ್ದರಲ್ಲಿ ಸೊನ್ನೆ. ಹೊಸ ರ‍್ಯಾಮನ್ನು ಬಿಲ್ ಸಮೇತ ಕವರಿನಲ್ಲೇ ವಾಪಸ್ ಕೊಟ್ಟು, ಅಂಗಡಿಯವರು ತೆಗೆದುಕೊಳ್ಳುತ್ತಾರಾ ಕೇಳಿ ನೋಡಿ ಅಣ್ಣ ಅಂದೆ.